ಸತ್ತ ಲಸಿಕೆಯ ಬಣ್ಣ ಕೆಡುವುದಿಲ್ಲ

ಬೆಳಗ್ಗೆ ಗೂಡು ತೆರೆದರೂ ಕೋಳಿ ಹೊರಗೆ ಬಾರದೆ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದರೆ ಅದರ ಹಿಕ್ಕೆ ನೋಡಿ. ಹಸಿರು ಬೆರೆತ ಬಿಳಿ ಭೇದಿ, ಕೊಕ್ಕು ತೆರೆದು ಏದುಸಿರು ಇದ್ದರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗವನ್ನು ಸಂಶಯಿಸಬೇಕು. ಕತ್ತು ತಿರುಚಿಕೊಳ್ಳುವ ಹೊತ್ತಿಗೆ ವೈರಸ್ ಉಳಿದ ಕೋಳಿಗಳಿಗೂ ಹರಡಿರಬಹುದು. ಗುಣಪಡಿಸುವ ಔಷಧವಿಲ್ಲ, ಮುಂಚೆಯೇ ಲಸಿಕೆ ಹಾಕಿಸಿರಬೇಕು.

ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಬಿಡುವ ಲಸೋಟಾ ಹನಿಯಲ್ಲಿರುವುದು ಸೌಮ್ಯ ತಳಿಯ ಜೀವಂತ ವೈರಸ್. ಅದು ಮರಿಯ ಮೈಯಲ್ಲಿ ಬೆಳೆದರೆ ಮಾತ್ರ ರಕ್ಷಣೆ. ಆದ್ದರಿಂದ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಪೇಟೆಯಲ್ಲಿ ಕೊಂಡು ಅಂಗಿ ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದರೆ ಬಿಸಿಗೆ ವೈರಸ್ ಸಾಯುತ್ತಾ ಹೋಗುತ್ತದೆ. ನೋಡಲು ಮಾತ್ರ ಬಾಟಲಿ ಮೊದಲಿನಂತೆಯೇ! ತಿಂಗಳ ನಂತರ ಕೋಳಿ ಸತ್ತಾಗ ಬೈಗುಳ ಲಸಿಕೆಗೆ.

ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕ್ ಸಾಕು. ಪುಡಿಗೆ ದ್ರಾವಣ ಬೆರೆಸಿದ ಮೇಲೂ ಬಾಟಲಿ ಐಸ್ ಮೇಲೆಯೇ ಇರಲಿ, ಗಂಟೆ ಎರಡು ಗಂಟೆಯೊಳಗೆ ಮುಗಿಯಲಿ. ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟಿರುವುದರಿಂದ, ಹತ್ತು ಕೋಳಿ ಸಾಕುವವರು ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ಒಂದೇ ಬೆಳಗ್ಗೆ ಹಾಕಿಸುವುದು ಲೇಸು. ಉಳಿದದ್ದನ್ನು ನಾಳೆಗೆ ಎತ್ತಿಡಬೇಡಿ.