ಅಂಜಲ್ ಫ್ರೈ ಪ್ಲೇಟಿನ ಅಸಲು

ಮಂಗಳೂರಿನ ದಕ್ಕೆಯಲ್ಲಿ ಹೋಟೆಲ್ ಮಾಲೀಕನೊಬ್ಬ ಐದು ಕಿಲೋ ತೂಗುವ ಅಂಜಲ್ ಮೀನನ್ನು ಕಿಲೋಗೆ 700 ರೂಪಾಯಿಯಂತೆ ಕೊಂಡ ಎಂದುಕೊಳ್ಳಿ. ಕೊಟ್ಟ ಹಣ 3,500 ರೂಪಾಯಿ. ಅಡುಗೆಮನೆಯಲ್ಲಿ ತಲೆ, ಬಾಲ, ರೆಕ್ಕೆ, ಕರುಳು ತೆಗೆದು ಉಳಿದದ್ದನ್ನು ತಕ್ಕಡಿಗೆ ಹಾಕಿದರೆ ಫ್ರೈಗೆ ಬರುವ ತುಂಡುಗಳು ಮೂರೂವರೆ ಕಿಲೋ. ಅಂದರೆ ಇಳುವರಿ ಶೇ. 70. ಹಾಗಾಗಿ ತವಾಕ್ಕೆ ಬೀಳುವ ಮೀನಿನ ನಿಜವಾದ ದರ ಕಿಲೋಗೆ 700 ಅಲ್ಲ, 1,000 ರೂಪಾಯಿ.

ಬಹಳ ಹೋಟೆಲುಗಳ ಲೆಕ್ಕ ತಪ್ಪುವುದು ಇಲ್ಲೇ.

ಒಂದು ಪ್ಲೇಟಿಗೆ 150 ಗ್ರಾಂ ತುಂಡು ಅಂದರೆ 150 ರೂಪಾಯಿಯ ಮೀನು. ಮಸಾಲೆ, ಎಣ್ಣೆ, ಈರುಳ್ಳಿ, ನಿಂಬೆಹಣ್ಣಿಗೆ 20 ಸೇರಿಸಿದರೆ ಪ್ಲೇಟಿನ ಅಸಲು 170. ಮಾರುವ ಬೆಲೆಯಲ್ಲಿ ಸಾಮಗ್ರಿಯ ಪಾಲು, ಅಂದರೆ ಫುಡ್ ಕಾಸ್ಟ್, ಶೇ. 35 ದಾಟಬಾರದು ಎಂದು ಮಾಲೀಕ ನಿರ್ಧರಿಸಿದ್ದರೆ 170ನ್ನು 0.35ರಿಂದ ಭಾಗಿಸಬೇಕು. ಬರುವುದು 486, ಮೆನುವಿನಲ್ಲಿ 490, ಜಿಎಸ್‌ಟಿ ಬೇರೆ. ದಕ್ಕೆಯ ದರವನ್ನೇ ಹಿಡಿದು ಲೆಕ್ಕ ಹಾಕಿದವನ ಮೆನುವಿನಲ್ಲಿ ಇದೇ ಫ್ರೈಗೆ 360 ಇರುತ್ತದೆ. ಅವನ ಫುಡ್ ಕಾಸ್ಟ್ ವಾಸ್ತವದಲ್ಲಿ ಶೇ. 47. ಗಿರಾಕಿ ತುಂಬಿದ್ದರೂ ಗಲ್ಲಾದಲ್ಲಿ ಹಣ ಯಾಕೆ ನಿಲ್ಲುತ್ತಿಲ್ಲ ಎಂದು ಅವನು ತಲೆ ಕೆಡಿಸಿಕೊಳ್ಳುತ್ತಾನೆ. ಕತ್ತರಿಸಿದ ತಲೆಯನ್ನು ಸಾರಿಗೆ ಬಳಸಿದರೆ ಅದರ ಬೆಲೆಯನ್ನು ಫ್ರೈ ಲೆಕ್ಕದಿಂದ ಕಳೆಯಬಹುದು, ಆದರೆ ಸಾರಿನ ಲೆಕ್ಕಕ್ಕೆ ಸೇರಿಸಲೇಬೇಕು.

ಲೆಕ್ಕ ಸರಿಯಿದ್ದರೂ ಕತ್ತಿ ಹಿಡಿದವನ ಕೈ ದಾರಾಳವಾದರೆ ಕಷ್ಟ. ತುಂಡು 180 ಗ್ರಾಂ ಆದರೆ ಅಸಲು 200ಕ್ಕೇರಿ, 490ರ ಬೆಲೆಯಲ್ಲಿ ಫುಡ್ ಕಾಸ್ಟ್ ಶೇ. 41ರ ಹತ್ತಿರ ಹೋಗುತ್ತದೆ. ಇದನ್ನು ಪತ್ತೆ ಹಚ್ಚಲು ಕಂಪ್ಯೂಟರ್ ಬೇಡ. ಆ ಮೀನಿನಲ್ಲಿ 23 ಪ್ಲೇಟ್ ಬರಬೇಕಿತ್ತು. ಬಿಲ್ಲಿನಲ್ಲಿ 19 ಮಾತ್ರ ಇದ್ದರೆ ತುಂಡು ದಪ್ಪವಾಗಿದೆ, ಇಲ್ಲವೇ ಮೀನು ಬೇರೆಲ್ಲೋ ಹೋಗಿದೆ.

ಶೇಕಡಾವಾರನ್ನೇ ವೇದವಾಕ್ಯ ಮಾಡಿಕೊಳ್ಳುವುದೂ ಸರಿಯಲ್ಲ. 15 ರೂಪಾಯಿಯ ಚಹಾದಲ್ಲಿ ಫುಡ್ ಕಾಸ್ಟ್ ಶೇ. 30 ಇದ್ದರೂ ಉಳಿಯುವುದು ಹತ್ತೂವರೆ ರೂಪಾಯಿ. ಅಂಜಲ್ ಫ್ರೈಯನ್ನು ಶೇ. 40ರ ಲೆಕ್ಕದಲ್ಲಿ 425ಕ್ಕೆ ಕೊಟ್ಟರೂ 255 ಉಳಿಯುತ್ತದೆ. ಬಾಡಿಗೆ, ಸಂಬಳ ಕಟ್ಟುವುದು ರೂಪಾಯಿಯಲ್ಲಿ. ಪಕ್ಕದ ಹೋಟೆಲಿನಲ್ಲಿ 430 ಇರುವಾಗ 490ಕ್ಕೇ ಪಟ್ಟು ಹಿಡಿಯುವುದು ಜಾಣತನವಲ್ಲ.

ಇನ್ನು ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ಆಗ ದರ ಕಿಲೋಗೆ 1,000 ಮುಟ್ಟಿದರೆ ಅದೇ ಪ್ಲೇಟಿನ ಅಸಲು 234 ಆಗುತ್ತದೆ; 490ರ ಬೆಲೆಯಲ್ಲಿ ಅದು ಶೇ. 48. ಆದ್ದರಿಂದ ಅಂಜಲ್‌ನ ಎದುರು ಬೆಲೆ ಅಚ್ಚು ಹಾಕಿಸದೆ, ದಿನದ ದರವನ್ನು ಬೋರ್ಡಿನಲ್ಲಿ ಬರೆಯುವುದೇ ಕರಾವಳಿಯ ಹೋಟೆಲಿಗೆ ಲೇಸು.