ಒಂದೇ ಕಂತು, ಎರಡು ಕಡಿತ

ತಂಗಿಯ ಸಾಲದ ಕಂತು 12,400 ರೂಪಾಯಿ. ಜೂನ್ 5ರಂದು ಒಮ್ಮೆ, 6ರಂದು ಮತ್ತೊಮ್ಮೆ ಖಾತೆಯಿಂದ ಕಡಿತವಾಯಿತು. "ಮುಂದಿನ ಕಂತಿಗೆ ಹೊಂದಿಸ್ತೀವಿ ಬಿಡಿ ಮೇಡಂ" ಎಂದರು ಶಾಖೆಯಲ್ಲಿ. ನಾವು ಒಪ್ಪಲಿಲ್ಲ, ಆ ದುಡ್ಡು ಅವಳ ಮನೆಖರ್ಚಿನದು.

ಪಾಸ್‌ಬುಕ್ಕಿನ ಎರಡೂ ನಮೂದುಗಳನ್ನು ದಿನಾಂಕ, ಉಲ್ಲೇಖ ಸಂಖ್ಯೆ ಸಮೇತ ಪತ್ರದಲ್ಲಿ ಬರೆದೆವು. ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಲಗತ್ತಿಸಿದೆವು. ಎರಡನೆಯ ಮೊತ್ತ ಅಲ್ಲಿ ಜಮೆಯಾಗಿದೆಯೇ ಎಂಬುದು ತಿಳಿಯುವುದು ಅದರಿಂದಲೇ. "6ನೇ ತಾರೀಖಿನಿಂದಲೇ ಅನ್ವಯವಾಗುವಂತೆ ಹಿಂದಿರುಗಿಸಿ, ಸಾಲಕ್ಕೆ ವಿಧಿಸುವ ಶೇ. 9ರ ದರದಲ್ಲೇ ಬಡ್ಡಿ ಕೊಡಿ" ಎಂದು ಕೇಳಿದೆವು. 25 ದಿನಕ್ಕೆ ಅದು ಸುಮಾರು 76 ರೂಪಾಯಿ. ಬ್ಯಾಂಕು ಉಳಿತಾಯ ಖಾತೆಯ ದರವನ್ನಷ್ಟೇ ಕೊಡಬಹುದು, ಆದರೂ ಲೆಕ್ಕ ಪತ್ರದಲ್ಲಿರಲಿ.

ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವಾಗ ಬೇಕಾಗುವುದು ಆ ಮೊಹರೇ.