ಸಂಯೋಜಿತ ಛಾಯಾಚಿತ್ರದಲ್ಲಿ ಮುಖ ಪುನಃಸ್ಥಾಪನೆ

ಮುಖ ಪುನಃಸ್ಥಾಪನೆ ಎಂಬುದು ಮಸುಕಾದ ಅಥವಾ ಅತಿ ಚಿಕ್ಕದಾದ ಮುಖದ ಚಿತ್ರವನ್ನು ನರಜಾಲ ಮಾದರಿಯ ನೆರವಿನಿಂದ ದೊಡ್ಡದಾಗಿ, ಸ್ಪಷ್ಟವಾಗಿ ಪುನಾರಚಿಸುವ ವಿಧಾನ. ಬೇರೆ ಬೇರೆ ಛಾಯಾಚಿತ್ರಗಳ ವ್ಯಕ್ತಿಗಳನ್ನು ಒಂದೇ ಚೌಕಟ್ಟಿಗೆ ತಂದು ಜೋಡಿಸಿದ ಚಿತ್ರವನ್ನು ಸಂಯೋಜಿತ ಚಿತ್ರ ಎನ್ನುತ್ತಾರೆ. ಜೊತೆಯಾಗಿ ತೆಗೆಸಿಕೊಂಡ ಫೋಟೋ ಇಲ್ಲದ ದಿವಂಗತ ದಂಪತಿಗಳ ಭಾವಚಿತ್ರ, ಶ್ರದ್ಧಾಂಜಲಿ ಫ್ಲೆಕ್ಸ್ ಮೊದಲಾದವುಗಳಿಗಾಗಿ ಶಿವಮೊಗ್ಗ, ಭದ್ರಾವತಿಯಂತಹ ಊರುಗಳ ಸ್ಟುಡಿಯೋಗಳಲ್ಲಿ ಇಂತಹ ಚಿತ್ರಗಳನ್ನು ಸಿದ್ಧಪಡಿಸಲಾಗುತ್ತದೆ. ಫಲಿತಾಂಶ ಸುಂದರವಾಗಿದ್ದರೂ ಅದು ಮೂಲ ವ್ಯಕ್ತಿಯ ಮುಖವಾಗಿ ಉಳಿಯದಿರುವುದು ಈ ಕಾರ್ಯದ ಮುಖ್ಯ ಅಪಾಯ.

## ಚಹರೆ ಬದಲಾಗಲು ಕಾರಣ

ಮಸುಕಾದ ಚಿತ್ರದಲ್ಲಿ ಇಲ್ಲದ ವಿವರವನ್ನು ಯಾವ ಮಾದರಿಯೂ ಹಿಂದಕ್ಕೆ ತರಲಾರದು. ತಾನು ಕಲಿತ ಮುಖಗಳ ಆಧಾರದ ಮೇಲೆ ಅದನ್ನು ಊಹಿಸುತ್ತದೆ. ಜಿಎಫ್‌ಪಿ-ಗ್ಯಾನ್ (2021) ಮತ್ತು ಕೋಡ್‌ಫಾರ್ಮರ್ (2022) ಎಂಬ ಪ್ರಸಿದ್ಧ ಮಾದರಿಗಳೆರಡಕ್ಕೂ ಫ್ಲಿಕರ್ ತಾಣದಿಂದ ಸಂಗ್ರಹಿಸಿದ 70,000 ಮುಖಗಳ ಸಂಗ್ರಹದಿಂದ ತರಬೇತಿ ನೀಡಲಾಗಿದೆ. ಆದ್ದರಿಂದ ಸಿಡುಬಿನ ಕಲೆ, ಮಚ್ಚೆ, ಮೂಗುಬೊಟ್ಟು, ಓರೆ ಹಲ್ಲುಗಳಂತಹ ವಿಶಿಷ್ಟ ಗುರುತುಗಳನ್ನು ಅವು ದೋಷವೆಂದು ಭಾವಿಸಿ ಅಳಿಸುವ ಸಂಭವವಿದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪಲ್ಸ್ ಎಂಬ ಮಾದರಿಯು ಬರಾಕ್ ಒಬಾಮಾ ಅವರ ಅಸ್ಪಷ್ಟ ಚಿತ್ರವನ್ನು ಬಿಳಿಯ ವ್ಯಕ್ತಿಯೊಬ್ಬನ ಮುಖವಾಗಿಸಿದ್ದು ವ್ಯಾಪಕ ಚರ್ಚೆಗೆ ಕಾರಣವಾಯಿತು.

## ಒಂದು ಉದಾಹರಣೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಒಬ್ಬರ ಮುಖ ಕಾರ್ಮಿಕರ ಗುಂಪು ಫೋಟೋದಲ್ಲಿ ಮಾತ್ರ ದೊರೆಯುತ್ತದೆ, ಅವರ ಪತ್ನಿಯ ಮುಖ ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿದೆ ಎಂದು ಭಾವಿಸೋಣ. ಗುಂಪು ಫೋಟೋದಲ್ಲಿ ಮುಖದ ಉದ್ದ 1 ಸೆಂ.ಮೀ. ಇದ್ದರೆ, ಇಂಚಿಗೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದಾಗ ಅದಕ್ಕೆ 118 ಪಿಕ್ಸೆಲ್‌ಗಳು ದೊರೆಯುತ್ತವೆ. 1200 ಚುಕ್ಕಿಗಳಂತೆ ಮಾಡಿದಾಗ 472. ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಮುಖ 3 ಇಂಚು ಇರಬೇಕಾದರೆ ಸುಮಾರು 900 ಪಿಕ್ಸೆಲ್‌ಗಳು ಬೇಕು. ಮೊದಲ ಸ್ಕ್ಯಾನ್‌ನಲ್ಲಿ ಏಳೂವರೆ ಪಟ್ಟು, ಎರಡನೆಯದರಲ್ಲಿ ಎರಡು ಪಟ್ಟಿಗಿಂತ ಕಡಿಮೆ ಹಿಗ್ಗಿಸಿದರೆ ಸಾಕು. ಕಾಗದದ ಮೇಲೆ ವಿವರ ಉಳಿದಿರುವಷ್ಟರ ಮಟ್ಟಿಗೆ, ಉತ್ತಮ ಸ್ಕ್ಯಾನ್ ಊಹೆಯ ಪಾಲನ್ನು ತಗ್ಗಿಸುತ್ತದೆ.

ಜೋಡಣೆಗೆ ಮುನ್ನವೇ, ಪ್ರತಿಯೊಂದು ಮುಖವನ್ನೂ ಅದರ ಮೂಲ ಸ್ಕ್ಯಾನ್‌ನಿಂದ ಪ್ರತ್ಯೇಕವಾಗಿ ಪುನಃಸ್ಥಾಪಿಸುವುದು ಸೂಕ್ತ. ಜೋಡಿಸುವಾಗ ಮುಖವನ್ನು ಕುಗ್ಗಿಸಿದರೆ ಇದ್ದ ವಿವರವೂ ನಷ್ಟವಾಗುತ್ತದೆ. ಅಲ್ಲದೆ ಇಡೀ ಚಿತ್ರವನ್ನು ಮಾದರಿಗೆ ಒಪ್ಪಿಸಿದರೆ, ಗೋಡೆಯ ಮೇಲಿನ ದೇವರ ಪಟದ ಮುಖವನ್ನೂ ಅದು ತಿದ್ದಬಹುದು. ಕೋಡ್‌ಫಾರ್ಮರ್‌ನಲ್ಲಿ ಬಳಸುವ ಆಜ್ಞೆ ಹೀಗಿದೆ:

```
python inference_codeformer.py -w 0.8 -s 2 --input_path inputs/face1.png
```

ಇಲ್ಲಿ `-w` ಎಂಬುದು 0ರಿಂದ 1ರವರೆಗಿನ ಅಳತೆ. ಇದು 1ಕ್ಕೆ ಸಮೀಪಿಸಿದಷ್ಟೂ ಫಲಿತಾಂಶ ಮೂಲಕ್ಕೆ ನಿಷ್ಠವಾಗಿರುತ್ತದೆ, ಆದರೆ ಮಸುಕು ಹೆಚ್ಚು ಉಳಿಯುತ್ತದೆ. 0ಕ್ಕೆ ಸಮೀಪಿಸಿದಷ್ಟೂ ಮುಖ ನುಣುಪಾಗಿ, ಅಪರಿಚಿತವಾಗುತ್ತದೆ. 0.5, 0.7, 0.9 ಅಳತೆಗಳಲ್ಲಿ ಮೂರು ಪ್ರತಿಗಳನ್ನು ತೆಗೆದು ಹೋಲಿಸಿ, ಗುರುತು ಉಳಿದಿರುವ ಅತ್ಯಂತ ಸ್ಪಷ್ಟ ಪ್ರತಿಯನ್ನು ಆರಿಸಬೇಕು. ಬಳಿಕ ಅದನ್ನು ಮೂಲ ಮುಖದ ಮೇಲೆ ಅರೆಪಾರದರ್ಶಕ ಪದರವಾಗಿ ಇರಿಸಿ, ಮಚ್ಚೆ, ಕಲೆ, ಕನ್ನಡಕದ ಅಂಚುಗಳಿರುವಲ್ಲಿ ಮೂಲವೇ ಕಾಣುವಂತೆ ಮಾಡಲಾಗುತ್ತದೆ.

ಎರಡೂ ಮುಖಗಳನ್ನು ಜೋಡಿಸಿದ ಮೇಲೆ ಮತ್ತೊಮ್ಮೆ ಪುನಃಸ್ಥಾಪನೆ ಮಾಡಬಾರದು. ಊಹಿಸಿದ ವಿವರವನ್ನೇ ಆಧಾರವಾಗಿಸಿಕೊಂಡು ಮಾದರಿ ಮತ್ತೆ ಊಹಿಸುವುದರಿಂದ ಚಹರೆ ಇನ್ನಷ್ಟು ದೂರ ಸರಿಯುತ್ತದೆ. ಎರಡು ಮುಖಗಳ ನುಣುಪಿನಲ್ಲಿ ಭೇದ ಕಂಡರೆ, ಇಡೀ ಚಿತ್ರಕ್ಕೆ ಸಮನಾದ ತೆಳು ತರಿಯನ್ನು ಸೇರಿಸಿ ಹೊಂದಿಸಬಹುದು.

## ಪರಿಶೀಲನೆ

ಪುನಃಸ್ಥಾಪಿಸಿದ ಮುಖವನ್ನು ಮೂಲದ ಅಳತೆಗೇ ಕುಗ್ಗಿಸಿ, ಮೂಲದ ಮೇಲಿರಿಸಿ, ಎರಡನ್ನೂ ಒಂದಾದ ಮೇಲೊಂದರಂತೆ ತೋರಿಸುವುದು ಸರಳ ಪರೀಕ್ಷೆ. ಕಣ್ಣಿನ ಅಂಚು, ತುಟಿ, ಗಲ್ಲದ ರೇಖೆಗಳು ಜಿಗಿದಂತೆ ಕಂಡರೆ ಚಹರೆ ಬದಲಾಗಿದೆ ಎಂದರ್ಥ. ಆದರೆ ಜಿಗಿತ ಕಾಣದಿದ್ದ ಮಾತ್ರಕ್ಕೆ ಮುಖ ಸರಿಯಿದೆಯೆಂದು ಹೇಳಲಾಗದು. ಕುಗ್ಗಿಸಿದಾಗ ಒಂದೇ ರೀತಿ ಕಾಣುವ ಭಿನ್ನ ಮುಖಗಳು ಅನೇಕ ಇರಬಲ್ಲವು.

ಆದ್ದರಿಂದ ಅದೇ ವ್ಯಕ್ತಿಯ, ಸರಿಸುಮಾರು ಅದೇ ವಯಸ್ಸಿನ ಮತ್ತೊಂದು ಸ್ಪಷ್ಟ ಫೋಟೋ ದೊರೆತರೆ ಅದರೊಡನೆ ಹೋಲಿಸಬೇಕು. ಆರ್ಕ್‌ಫೇಸ್‌ನಂತಹ ಮುಖ ಗುರುತಿಸುವ ಮಾದರಿಗಳು ಹೋಲಿಕೆಗೆ ಒಂದು ಅಂಕ ನೀಡುತ್ತವೆ. ಆದರೆ ಮಸುಕಾದ ಮೂಲದೊಡನೆ ಮಾಡಿದ ಹೋಲಿಕೆಯ ಅಂಕ ನಂಬಲರ್ಹವಲ್ಲ. ಹೆಚ್ಚಿನ ಬೆಲೆ ಇರುವುದು ಆ ವ್ಯಕ್ತಿಯನ್ನು ಬಲ್ಲವರ ಗುರುತಿಸುವಿಕೆಗೆ: ಯಾರೆಂದು ಮುಂಚಿತವಾಗಿ ಹೇಳದೆ, ಮೂರು ಪ್ರತಿಗಳನ್ನು ತೋರಿಸಿ ಕೇಳಬೇಕು.

## ಮಿತಿಗಳು

ಮುಖಕ್ಕೆ ಕೇವಲ ಮೂವತ್ತು–ನಲವತ್ತು ಪಿಕ್ಸೆಲ್‌ಗಳಿದ್ದು, ಬೇರಾವ ಫೋಟೋವೂ ಇಲ್ಲದಿದ್ದರೆ ದೊರೆಯುವ ಸ್ಪಷ್ಟ ಮುಖ ಬಹುಪಾಲು ಕಲ್ಪಿತವೇ ಆಗಿರುತ್ತದೆ. ಅಂತಹ ಸಂದರ್ಭದಲ್ಲಿ ಮುಖವನ್ನು ಮಸುಕಾಗಿಯೇ ಉಳಿಸಿ, ಚಿತ್ರವನ್ನು ಚಿಕ್ಕ ಅಳತೆಯಲ್ಲಿ ಮುದ್ರಿಸುವುದು ಹೆಚ್ಚು ಪ್ರಾಮಾಣಿಕ ಕ್ರಮ. ಮೂಲ ಸ್ಕ್ಯಾನ್‌ಗಳನ್ನು ಪ್ರತ್ಯೇಕವಾಗಿ ಕಾಪಾಡಿ, ಚಿತ್ರದ ಹಿಂಬದಿಯಲ್ಲಿ ಅದು ಸಂಯೋಜಿತವೆಂದು ಬರೆದಿಡದಿದ್ದರೆ, ಮುಂದಿನ ತಲೆಮಾರು ಊಹಿತ ಮುಖವನ್ನೇ ನಿಜವೆಂದು ನಂಬುವ ಸಾಧ್ಯತೆ ಇದೆ.